ಸುಪ್ರಜಾ ಮೇಡಂ ಮತ್ತು ಬೀರುವಿನ ಟೋನರ್

ಸುಪ್ರಜಾಳಿಗೆ ಯಾರ ಮೇಲೂ ಪೂರ್ತಿ ನಂಬಿಕೆಯಿಲ್ಲ. ಪುಟ್ಟ ಮಗಳು ಲಾಸ್ಯಾಳನ್ನು ಅತ್ತೆಯ ಬಳಿ ಬಿಟ್ಟು ಬರುವಾಗ ಕೆಮ್ಮಿನ ಔಷಧಿ ಬಾಟಲಿಗೆ ಪೆನ್ನಿನಲ್ಲಿ ಗೆರೆ ಎಳೆದು ಬರುತ್ತಾಳೆ. ಸಂಜೆ ಎಷ್ಟು ಇಳಿದಿದೆ ನೋಡಬೇಕಲ್ಲ. ಅವಳು ಕೆಲಸ ಮಾಡುವ ಚಾಮರಾಜಪೇಟೆಯ ಪುಟ್ಟ ಶಾಲೆಯ ಆಫೀಸಿನಲ್ಲೂ ಅದೇ ಗುಣ. ಪಿನ್ನಿನ ಡಬ್ಬಿಯಿಂದ ಹಿಡಿದು ಎಲ್ಲಕ್ಕೂ ಸೆಲೋಟೇಪ್ ಅಂಟಿಸಿ, ಮೇಲೊಂದು ಸಹಿ.

"ನನ್ನ ಹಣೆ ಮೇಲೂ ಒಂದು ಹಾಕ್ಬಿಡಿ ಮೇಡಮ್ಮೋರೆ, ಯಾರೂ ಬದಲಾಯಿಸಲ್ಲ" ಎನ್ನುತ್ತಾನೆ ಅಟೆಂಡರ್ ಶಿವಲಿಂಗಯ್ಯ.

ಅಂದು ಬೆಳಿಗ್ಗೆ ಮೊದಲ ಪೀರಿಯಡ್ಡಿಗೇ ಪರೀಕ್ಷೆ. ಪ್ರಶ್ನೆಪತ್ರಿಕೆ ಅಚ್ಚಾಗಬೇಕು, ಪ್ರಿಂಟರಿಗೆ ಹಾಕುವ ಮಸಿಪುಡಿಯ ಡಬ್ಬ, ಟೋನರ್, ಮುಗಿದಿತ್ತು. ಬೀರುವಿನಿಂದ ಹೊಸದನ್ನು ತೆಗೆದಳು. ಕಿವಿಗೂ ಭುಜಕ್ಕೂ ನಡುವೆ ಫೋನು: "ಅತ್ತೆ, ಜ್ವರ ನೋಡಿದ್ರಾ?" ಟೋನರನ್ನು ಮಟ್ಟಸವಾಗಿ ಹಿಡಿದು ಅತ್ತಿತ್ತ ಅಲುಗಾಡಿಸಿದಳು, ಕಿತ್ತಳೆ ಬಣ್ಣದ ಮುಚ್ಚಳ ಕಿತ್ತಳು, ಒಳಗೆ ತಳ್ಳಿದಳು. ಟಕ್ಕೆಂದಿತು.

ಬಂದದ್ದು ಬಿಳಿ ಹಾಳೆ. ಇನ್ನೊಂದೂ ಬಿಳಿ.

ಟೋನರ್ ತಂದುಕೊಡುವ ಅಮರ್ ಖಾಲಿ ಡಬ್ಬ ಕೊಟ್ಟನೋ? ಶನಿವಾರ ಬೀರುವಿನ ಕೀಲಿ ಇಟ್ಟುಕೊಂಡಿದ್ದ ಶಿವಲಿಂಗಯ್ಯ ಬದಲಾಯಿಸಿದನೋ? ಇಬ್ಬರೂ ಸೇರಿಕೊಂಡರೋ?

ಹೆಡ್ಮಿಸ್ ವಿಶಾಲಮ್ಮ ಬಾಗಿಲಲ್ಲಿ ನಿಂತರು. "ಎದುರುಗಡೆ ಜೆರಾಕ್ಸ್ ಅಂಗಡಿಗೆ ಕಳಿಸೋಣ್ವಾ?"

"ಅಯ್ಯೋ ಬೇಡ ಮೇಡಂ! ನಮ್ಮ ಮಕ್ಕಳೇ ಅಲ್ಲಿ ಚಾರ್ಟ್ ಪೇಪರ್‌ಗೆ ನಿಂತಿರ್ತಾರೆ. ಗಂಟೆ ಹೊಡೆಯೋದ್ರೊಳಗೆ ಪ್ರಶ್ನೆಯೆಲ್ಲ ಬೀದಿಗೆ."

ಅಮರ್‌ಗೆ ಫೋನಾಯಿಸಿದಳು. "ಒಳಗೆ ಪುಡಿಯೇ ಇಲ್ಲವಲ್ರೀ!"

"ಪುಡಿ ತಡೆಯೋ ಸೀಲ್ ಟೇಪ್ ಎಳೆದ್ರಾ ಮೇಡಂ?"

"ಎಳೆಯೋಕೆ ಟೇಪಿದ್ರೆ ತಾನೆ? ಯಾರೋ ಮೊದಲೇ ಎಳೆದು ಬಳಸಿದ್ದನ್ನ ಹೊಸದು ಅಂತ ನನಗೆ ಕೊಟ್ಟಿದೀರ."

"ಒಂದು ಫೋಟೋ ಕಳ್ಸಿ."

ಕಳಿಸದೆ ಬಿಡುವಳೇ? ಸಾಕ್ಷಿ! ಟೋನರನ್ನು ಹೊರಗೆಳೆದು, ಅದರ ಡ್ರಮ್ ಉರುಳೆಗೆ ಬಿಸಿಲು ಬೀಳದಂತೆ ನೆರಳಲ್ಲಿ ಹಿಡಿದು, ಟೋನರಿನ ಬದಿಗೆ ಮೊಬೈಲು ಒಡ್ಡಿದಳು. ಪರದೆಯ ಮೇಲೆ ಅವಳದೇ ಸಹಿ.

ಟೋನರ್ ಬಂದ ದಿನ, ಯಾರೂ ಎಳೆಯದಿರಲೆಂದು ಟೇಪಿನ ಹಿಡಿಯನ್ನು ಮಡಚಿ, ಮೇಲೆ ಸೆಲೋಟೇಪ್ ಬಿಗಿದು ಸಹಿ ಹಾಕಿದ್ದವಳು ಅವಳೇ. ಎಷ್ಟು ಬಿಗಿಯೆಂದರೆ, ಅವಳ ಕಣ್ಣಿಗೂ ಬೀಳದಷ್ಟು.

ಅದನ್ನು ಸುಲಿದು, ಹಿಡಿಯನ್ನು ಬಿಡಿಸಿ, ಓರೆಯಾಗದಂತೆ ನೇರವಾಗಿ ಎಳೆದಳು. ಉದ್ದನೆಯ ಟೇಪು, ಅದರ ಮೈಗೆಲ್ಲ ಕಪ್ಪು ಪುಡಿ. ತುಂಡೇನಾದರೂ ಒಳಗೇ ಉಳಿಯಿತೇ ಎಂಬ ಗುಮಾನಿ ಆಗಲೂ ಬಿಡಲಿಲ್ಲ. ತುದಿಯನ್ನು ನೋಡಿದಳು, ಹರಿದಿರಲಿಲ್ಲ. ಇನ್ನು ಅಲುಗಾಡಿಸಿದರೆ ಪುಡಿ ಚೆಲ್ಲೀತೆಂದು ಹಾಗೇ ಪ್ರಿಂಟರಿನೊಳಗಿನ ಹಳಿಗಿಟ್ಟು ತಳ್ಳಿದಳು. ಟಕ್.

ಕಪ್ಪಗೆ, ಸ್ಫುಟವಾಗಿ ಪ್ರಶ್ನೆಗಳು ಇಳಿಯತೊಡಗಿದವು.

"ಫೋಟೋ ಬರ್ಲಿಲ್ಲ ಮೇಡಂ" ಎಂದ ಅಮರ್, ಮತ್ತೆ ಫೋನು ಮಾಡಿ.

"ಬೇಡ ಬಿಡಿ. ತಪ್ಪು ನಂದೇ."

ಗಂಟೆಗೆ ಮೊದಲೇ ಕಟ್ಟು ಸಿದ್ಧವಾಯಿತು. ಶಿವಲಿಂಗಯ್ಯ ಕೈಯೊಡ್ಡಿದ. "ಇದಕ್ಕೂ ಟೇಪ್ ಹಾಕ್ತೀರಾ ಮೇಡಮ್ಮೋರೆ?"

ಹಾಕಿದಳು. ಸಹಿಯನ್ನೂ ಮಾಡಿದಳು. ಪಕ್ಕದಲ್ಲಿ ದಪ್ಪಕ್ಷರದಲ್ಲಿ ಬರೆದಳು: ಮೊದಲು ಇದನ್ನು ಕೀಳಿ.