ನೇರಳೆ ಟಾರ್ಚಿನ ಕೆಳಗೆ ಒಂದು ಇಂಜೆಕ್ಷನ್ ಡಬ್ಬಿ

ಆ ಟಾರ್ಚ್ ಕೈಗೆ ಬಂದ ಮೇಲೆ ನನಗೆ ಹೋಟೆಲಿನಲ್ಲಿ ಊಟ ಮಾಡುವುದು ಕಷ್ಟವಾಯಿತು. ಅಲ್ಟ್ರಾವಯಲೆಟ್ ಬೆಳಕಿನಲ್ಲಿ ಏನೇನು ಹೊಳೆಯುತ್ತದೆ ಎಂದು ಒಮ್ಮೆ ನೋಡಿದವರಿಗೆ ಒರೆಸಿದ ಟೇಬಲ್ ಮೇಲೆ ನಂಬಿಕೆ ಉಳಿಯುವುದಿಲ್ಲ. ಎಂಜಲು, ಬೆವರು, ಯಾರೋ ಬೆರಳಿನಿಂದ ಒತ್ತಿ ಉಜ್ಜಿದ ಜಿಡ್ಡು, ಎಲ್ಲವೂ ಮಸುಕಾಗಿ ಎದ್ದು ಕೂರುತ್ತವೆ. ಮನೆಯಲ್ಲಿ ಅಮ್ಮ ನನಗೆ ಮಡಿ ಹುಚ್ಚು ಹಿಡಿದಿದೆ ಎನ್ನುತ್ತಿದ್ದರು. ಮಡಿಯಲ್ಲ, ಹೇಸಿಗೆ. ಆದರೆ ನಿಜವಾದ ಹೇಸಿಗೆ ಏನು ಎಂದು ಗೊತ್ತಾದದ್ದು ಎಂಜಲಿನಿಂದಲ್ಲ, ಒಂದು ಇಂಜೆಕ್ಷನ್ ಡಬ್ಬಿಯಿಂದ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಜಯನಗರದಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಸರ್ಕಾರಿ ಪ್ರಯೋಗಾಲಯದಿಂದ ನಿವೃತ್ತರಾದ ದಸ್ತಾವೇಜು ತಜ್ಞರೊಬ್ಬರು ಅದನ್ನು ನಡೆಸುತ್ತಿದ್ದರು. ಸಹಿ ನಿಜವೋ ಸುಳ್ಳೋ, ಉಯಿಲಿನ ಪುಟ ಬದಲಾಗಿದೆಯೋ, ನೋಟು ಖೋಟಾನೋ, ಲೇಬಲ್ಲು ನಕಲಿಯೋ ಎಂದು ವಕೀಲರೂ ಕಂಪನಿಯವರೂ ಅವರನ್ನು ಕೇಳಲು ಬರುತ್ತಿದ್ದರು. ನೋಡಿ ಬರೆಯುವುದು ಅವರ ಕೆಲಸ. ಅವರು ನೋಡಿದ್ದನ್ನು ಕೋರ್ಟು ನಂಬುವಂತೆ ಫೋಟೋ ತೆಗೆಯುವುದು ನನ್ನ ಕೆಲಸ. ಅವರನ್ನು ನಾನು ಸಾರ್ ಎಂದೇ ಕರೆಯುತ್ತಿದ್ದೆ, ಆಗ ತುಂಬ ಗೌರವವೂ ಇತ್ತು.

ಕತ್ತಲೆ ಕೋಣೆ ಎಂದರೆ ಬಚ್ಚಲಿನಷ್ಟು ಜಾಗ. ಕಿಟಕಿಗೆ ಕಪ್ಪು ರಟ್ಟು, ಕೆಳಗಿನಿಂದ ಸದಾ ಡಾಲ್ಡಾ ವಾಸನೆ. ಕ್ಯಾಮೆರಾ ಕೆಳಮುಖವಾಗಿ ಸ್ಟ್ಯಾಂಡಿಗೆ ಬಿಗಿದಿರುತ್ತಿತ್ತು. ಲೆನ್ಸಿನ ಮುಂದೆ ತಿಳಿ ಹಳದಿಯ ಫಿಲ್ಟರ್ ಇಲ್ಲದಿದ್ದರೆ ಟಾರ್ಚಿನ ಬೆಳಕೇ ಕಾಗದದಿಂದ ಪುಟಿದು ಫಿಲಂಗೆ ಹೊಡೆದು ಚಿತ್ರವನ್ನೆಲ್ಲ ನೀಲಿ ಮಾಡುತ್ತಿತ್ತು. ನಮಗೆ ಬೇಕಾದದ್ದು ಟಾರ್ಚಿನ ಬೆಳಕಲ್ಲ, ಅದು ತಾಗಿದಾಗ ಕಾಗದವೋ ಶಾಯಿಯೋ ತಾನಾಗಿ ಕೊಡುವ ಹೊಳಪು. ಆ ಹೊಳಪು ಬಡವಾದದ್ದು. ಶಟರನ್ನು ತುಂಬ ಹೊತ್ತು ತೆರೆದಿಡಬೇಕು, ಅಷ್ಟೂ ಹೊತ್ತು ಟಾರ್ಚನ್ನು ಓರೆಯಾಗಿ ಹಿಡಿದು ನಿಧಾನವಾಗಿ ಆಡಿಸಬೇಕು, ಟೇಬಲ್ಲಿಗೆ ಮೊಣಕೈ ತಾಗಿಸಬಾರದು.

ಪ್ರತಿ ರೋಲಿನ ಮೊದಲ ಫೋಟೋ ಒಂದು ನೂರರ ನೋಟಿನದು. ಬೆಳಕು, ಫಿಲ್ಟರ್ ಸರಿ ಇವೆಯೇ ಎಂದು ತಿಳಿಯಲು ಅದು ನಮ್ಮ ಪದ್ಧತಿ. ಒಳ್ಳೆಯ ನೋಟಿನ ಕಾಗದ ಹೊಳೆಯುವುದಿಲ್ಲ, ಮಂಕಾಗಿ ಕೂರುತ್ತದೆ. ನಂಬರಿನ ಸಾಲು ಬೆಳಗುತ್ತದೆ, ಕಾಗದದೊಳಗೆ ಅಲ್ಲಲ್ಲಿ ಸಣ್ಣ ನೂಲೆಳೆಗಳು ಬಣ್ಣ ಬಣ್ಣವಾಗಿ ಕಾಣುತ್ತವೆ. ಅಂಗಡಿಯಲ್ಲಿ ಸಿಗುವ ಬಿಳಿ ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಹಾಕಿರುತ್ತಾರೆ, ಅದು ನೀಲಿಯಾಗಿ ಉರಿಯುತ್ತದೆ. ಹಾಗೆಂದು ಹೊಳೆದದ್ದೆಲ್ಲ ಖೋಟಾ ಅಲ್ಲ. ಜೇಬಿನಲ್ಲಿ ಮರೆತು ವಾಷಿಂಗ್ ಪೌಡರಿನಲ್ಲಿ ನೆನೆದ ಅಪ್ಪಟ ನೋಟೂ ಹೊಳೆಯುತ್ತದೆ, ಏಕೆಂದರೆ ಪೌಡರಿನಲ್ಲೂ ಅದೇ ರಾಸಾಯನಿಕ. ಆದ್ದರಿಂದ ಒಂದೇ ಗುರುತು ನೋಡಿ ತೀರ್ಪು ಕೊಡಬಾರದು ಎಂದು ಸಾರ್ ನನಗೆ ಹೇಳಿಕೊಟ್ಟಿದ್ದರು. ಹೇಳಿಕೊಟ್ಟವರು ಅವರೇ ಎಂಬುದನ್ನು ಇಲ್ಲಿ ಒತ್ತಿ ಬರೆಯುತ್ತಿದ್ದೇನೆ.

ಒಂದು ಮಧ್ಯಾಹ್ನ ಬಿಟಿಎಂ ಲೇಔಟಿನ ಔಷಧ ವಿತರಕನೊಬ್ಬ ಬಂದ. ಇಸ್ತ್ರಿ ಮುರಿಯದ ಬಿಳಿ ಶರ್ಟು, ಬೆರಳಿಗೆ ಉಂಗುರಗಳು, ಕೈಯಲ್ಲಿ ಪ್ಲಾಸ್ಟಿಕ್ ಕವರು. ಕವರಿನಲ್ಲಿ ಕಿಡ್ನಿ ಕಾಯಿಲೆಯವರಿಗೆ ರಕ್ತ ಏರಲೆಂದು ಕೊಡುವ ಇಂಜೆಕ್ಷನ್ನಿನ ಡಬ್ಬಿಗಳು. ಪದ್ಮನಾಭನಗರದಲ್ಲಿ ಒಂದು ಸಣ್ಣ ಮೆಡಿಕಲ್ ಸ್ಟೋರ್ ನಡೆಸುವ ಹೆಂಗಸು ಅವನ್ನು ಅವನಿಗೆ ಹಿಂದಿರುಗಿಸಿದ್ದರು. ಆಕೆ, ಗಿರಾಕಿಯೊಬ್ಬರಿಗೆ ಇಂಜೆಕ್ಷನ್ ಕೆಲಸವೇ ಮಾಡುತ್ತಿಲ್ಲ, ಡ್ರಗ್ಸ್ ಇಲಾಖೆಗೆ ದೂರು ಕೊಡುತ್ತೇನೆ ಎಂದಿದ್ದರಂತೆ.

"ಇದು ನಮ್ಮ ಮಾಲೇ ಅಲ್ಲ ಸಾರ್," ಎಂದ ಅವನು. "ಆಯಮ್ಮ ಎಲ್ಲೋ ಚೀಪಾಗಿ ನಕಲಿ ತಗೊಂಡು ನಮ್ ತಲೆ ಮೇಲೆ ಹಾಕ್ತಿದಾರೆ. ನೀವೊಂದು ರಿಪೋರ್ಟ್ ಕೊಟ್ಬಿಡಿ. ಅವರ ಲೈಸೆನ್ಸ್ ಹೋಗುತ್ತೆ, ನಾವು ನೆಮ್ಮದಿಯಾಗಿರ್ತೀವಿ."

ಒಬ್ಬ ಹೆಂಗಸಿನ ಅಂಗಡಿ ಮುಚ್ಚಿಸುವುದನ್ನು ಅವನು ಸೊಳ್ಳೆ ಹೊಡೆಯುವಷ್ಟು ಸಲೀಸಾಗಿ ಹೇಳಿದ. ಹೋಲಿಸಿ ನೋಡಲು ಕಂಪನಿಯ ಅಸಲಿ ಲೇಬಲ್ ಒಂದನ್ನೂ ತಂದಿದ್ದ.

ಕತ್ತಲೆ ಕೋಣೆಗೆ ತಾನೂ ಬರುತ್ತೇನೆಂದು ಹಟ ಹಿಡಿದ. ನಾನು ಬೇಡವೆಂದರೂ ಸಾರ್ ಒಪ್ಪಿದರು. ಟಾರ್ಚ್ ಹಾಕಿದೆ. ಮೊದಲು ಹೊಳೆದದ್ದು ಲೇಬಲ್ಲಲ್ಲ, ಅವನ ಶರ್ಟು. ಜೊತೆಗೆ ಅವನ ಹಲ್ಲು. ಆ ನೀಲಿ ಹೊಳಪು ಟೇಬಲ್ಲಿನ ಮೇಲೆಲ್ಲ ಚೆಲ್ಲಿ ಅಸಲಿ ಲೇಬಲ್ಲೂ ನೀಲಿಯಾಗಿ ಕಂಡಿತು. ಅವನು ಬಗ್ಗಿದಾಗ ತೋಳಿನಿಂದ ಎರಡು ಮೂರು ದಾರದ ಚೂರು ಉದುರಿ, ಅವೂ ಎಳೆಗಳ ಥರ ಮಿನುಗಿದವು. ಕೋಪ ಬಂತು. ಬ್ರಷ್ಷಿನಿಂದ ದಾರ ಕೊಡವಿ, ನನ್ನ ಕಪ್ಪು ಏಪ್ರನ್ ಕೊಟ್ಟು, "ಇದನ್ನ ಹಾಕ್ಕೊಳ್ಳಿ, ಇಲ್ಲಾಂದ್ರೆ ಹೊರಗೆ ಹೋಗಿ," ಎಂದೆ. ಹಾಕಿಕೊಂಡ.

ಈಗ ಸರಿಯಾಗಿ ಕಂಡಿತು. ಅಸಲಿ ಲೇಬಲ್ ಮಂಕು, ಒಳಗೆ ಕೆಂಪು ನೀಲಿ ಎಳೆಗಳು. ಡಬ್ಬಿಯ ಲೇಬಲ್ ಬೆಳ್ಳಗೆ ಉರಿಯುತ್ತಿತ್ತು, ಎಳೆ ಒಂದೂ ಇಲ್ಲ.

"ನೋಡಿದ್ರಾ ಸಾರ್? ಡೂಪ್ಲಿಕೇಟು. ಇಷ್ಟು ಸಾಕು," ಎಂದ.

ನಾನೂ ನಕಲಿ ಎಂದೇ ನಂಬಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಫೋಟೋ ತೆಗೆದೆ. ಆದರೆ ಬಂದ ವಸ್ತುವಿನ ಎಲ್ಲ ಮುಖಗಳನ್ನೂ ತೆಗೆಯಬೇಕು ಎಂಬುದೂ ನಮ್ಮ ಪದ್ಧತಿ. ಅವನು ಗೊಣಗುತ್ತ ಹೊರಗೆ ಕಾಫಿಗೆ ಹೋದ. ನಾನು ಡಬ್ಬಿ ತಿರುಗಿಸಿದೆ.

ಎಕ್ಸ್‌ಪೈರಿ ತಾರೀಖಿನ ಸುತ್ತ ಕಾಗದದ ಹೊಳಪು ಸತ್ತು ಒಂದು ಕಲೆ ಆಗಿತ್ತು. ಹೊಸ ಅಂಕಿಗಳ ಅಡಿಯಲ್ಲಿ ಹಳೆಯ ಅಂಕಿಗಳ ಕಪ್ಪು ನೆರಳು. ಯಾರೋ ಸ್ಪಿರಿಟ್ ಹಾಕಿ ಒರೆಸಿ ಮೇಲೆ ಮತ್ತೆ ಅಚ್ಚು ಒತ್ತಿದ್ದರು. ಡಬ್ಬಿಯ ಮುಚ್ಚಳದ ಒಳಮಡಿಕೆಯಲ್ಲೂ ಒರೆಸಿದ ಗುರುತು. ಬರಿಗಣ್ಣಿಗೆ ಖಾಲಿ ರಟ್ಟು. ಟಾರ್ಚಿನಲ್ಲಿ ಬಾಲ್‌ಪೆನ್ನಿನ ಶಾಯಿ ಹರಡಿ ಹಳದಿಯಾಗಿ ಹೊಳೆಯುತ್ತಿತ್ತು. ಒಂದು ಸುತ್ತು, ಅದರೊಳಗೆ 'ವಾ' ಎಂಬ ಅಕ್ಷರ. ಉಳಿದ ಡಬ್ಬಿಗಳಲ್ಲೂ ಹಾಗೇ, ಅದೇ ಕೈಬರಹ.

ಸಾರನ್ನು ಕರೆದು ತೋರಿಸಿದೆ. ನಕಲಿ ಮಾಡುವವನು ತನ್ನ ಲೇಬಲ್ಲಿನ ತಾರೀಖನ್ನು ತಾನೇ ಯಾಕೆ ಒರೆಸುತ್ತಾನೆ ಎಂದು ಕೇಳಿದೆ.

ಅವರು ಬಗ್ಗಿ ತುಂಬ ಹೊತ್ತು ನೋಡಿದರು. "ನಕಲಿ ಅಲ್ಲಮ್ಮ ಇದು, ಹಳೇದು. ಆ ಕಂಪನಿ ಎಳೆ ಇರೋ ಕಾಗದ ಹಾಕೋಕೆ ಶುರು ಮಾಡಿದ್ದು ಆಮೇಲೆ. ಮೊದಲು ಮಾಮೂಲಿ ಕಾಗದಾನೇ. ಅವಧಿ ಮುಗಿದ ಮಾಲಿಗೆ ಹೊಸ ತಾರೀಖು ಹಾಕಿದಾರೆ."

"ಲೇಬಲ್ ನೋಡಿದಾಗಲೇ ನಿಮಗೆ ಗೊತ್ತಿತ್ತಾ?"

"ಅನುಮಾನ ಇತ್ತು. ಅವರು ಕೇಳಿರೋದು ಈ ಕಾಗದ ಆ ಕಾಗದ ಒಂದೇನಾ ಅಂತ. ಒಂದೇ ಅಲ್ಲ ಅಂತ ಬರೀತೀನಿ. ಅದು ಸುಳ್ಳಲ್ವಲ್ಲ. ಕೇಳದೆ ಇರೋದಕ್ಕೆ ನಾವ್ಯಾಕಮ್ಮ ಉತ್ತರ ಕೊಡಬೇಕು?"

ಇಷ್ಟು ಹೇಳಿ ಕನ್ನಡಕ ಒರೆಸಿಕೊಂಡರು. ನನಗೆ ಮೈಯೆಲ್ಲ ಉರಿಯಿತು. ಹೊಸ ಲೇಬಲ್ಲನ್ನೇ ಹೋಲಿಕೆಗೆಂದು ತಂದ ವಿತರಕ ಕಳ್ಳ, ಅದು ಸರಿ. ಅವನ ಕಳ್ಳತನಕ್ಕೆ ಒಂದೂ ಸುಳ್ಳಿಲ್ಲದ ವರದಿ ಬರೆದುಕೊಡುವ ಈ ವಿದ್ವಾಂಸರನ್ನು ಏನೆನ್ನಬೇಕು? ಕೆಳಗಿನಿಂದ ಬರುತ್ತಿದ್ದ ಡಾಲ್ಡಾ ವಾಸನೆಗೋ ಅವರ ಮಾತಿಗೋ, ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ಮುಖ ತೊಳೆದುಕೊಂಡೆ.

ಎಲ್ಲ ಫೋಟೋಗಳನ್ನೂ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಬೇಡವೆಂದು ಯಾರೂ ಹೇಳಿರಲಿಲ್ಲ. ಕೇಳದೆ ಇರುವುದಕ್ಕೆ ಯಾಕೆ ಉತ್ತರ ಎಂಬ ನ್ಯಾಯ ನನಗೂ ಅನ್ವಯಿಸುತ್ತದಲ್ಲ.

ಆ ವಾರವೇ ವಿತರಕ ಮೆಡಿಕಲ್ ಸ್ಟೋರಿನ ಹೆಂಗಸನ್ನು ನಮ್ಮ ಆಫೀಸಿಗೇ ಕರೆಸಿದ. ತಜ್ಞರ ಎದುರಿಗೆ ಫೋಟೋ ತೋರಿಸಿ, ಡಬ್ಬಿಗಳನ್ನು ಬೇರೆ ಕಡೆ ಕೊಂಡೆ ಎಂದು ಅವರಿಂದ ಬರೆಸಿಕೊಳ್ಳುವುದು ಅವನ ಉಪಾಯ. ಐವತ್ತು ದಾಟಿದ ಹೆಂಗಸು, ಹತ್ತಿಯ ಸೀರೆ, ಕೈಯಲ್ಲಿ ಅಂಗಡಿಯ ಬೀಗದ ಕೈ. ಸಾರ್ ಲೇಬಲ್ಲಿನ ಫೋಟೋ ಮುಂದಿಟ್ಟು, ಮಂಕಾದದ್ದು ಅಸಲಿ, ಹೊಳೆಯುವುದು ಬೇರೆ ಕಾಗದ ಎಂದು ವಿವರಿಸಿದರು. ಅವರ ಧ್ವನಿ ಸ್ವಲ್ಪವೂ ನಡುಗಲಿಲ್ಲ.

"ನಾನು ಬೇರೆಲ್ಲೂ ತಗೊಂಡಿಲ್ಲ ಸಾರ್," ಎಂದರು ಆಕೆ. "ಇವರ ಹುಡುಗರೇ ತಂದು ನಮ್ ಫ್ರಿಜ್ಜಲ್ಲಿ ಇಟ್ಟು ಹೋಗಿದ್ದು."

"ಮೇಡಂ, ಸೈನ್ಸ್ ಸುಳ್ಳು ಹೇಳುತ್ತಾ?" ಎಂದು ವಿತರಕ ನಗುತ್ತ, ತಾನೇ ಬರೆದು ತಂದಿದ್ದ ಹೇಳಿಕೆಯ ಕಾಗದವನ್ನು ಆಕೆಯ ಮುಂದೆ ತಳ್ಳಿದ. "ಸೈನ್ ಮಾಡ್ಬಿಡಿ. ಇಲಾಖೆಗೆ ನಾನು ಹೇಳ್ಕೋತೀನಿ, ಲೈಸೆನ್ಸ್ ತಂಟೆಗೆ ಬರಲ್ಲ."

ಆಕೆ ಪೆನ್ನು ಕೈಗೆ ತೆಗೆದುಕೊಂಡರು. ಹೆದರಿದ್ದರು. ನಾನು ಒಳಗಿನಿಂದ ಮುಚ್ಚಳದ ಫೋಟೋ ತಂದು ಆ ಕಾಗದದ ಮೇಲೇ ಇಟ್ಟೆ. ಸಾರ್ ನನ್ನನ್ನು ನೋಡಿದ ನೋಟದಲ್ಲೇ ನನ್ನ ಕೆಲಸ ಹೋಯಿತೆಂದು ಗೊತ್ತಾಯಿತು.

"ಇದು ಅದೇ ಡಬ್ಬಿಯ ಒಳಗಡೆ ಮೇಡಂ," ಎಂದೆ. "ಒರೆಸಿದಾರೆ. ಟಾರ್ಚಲ್ಲಿ ಮಾತ್ರ ಕಾಣುತ್ತೆ."

ಆಕೆ ಕನ್ನಡಕ ಹಾಕಿಕೊಂಡು ನೋಡಿದರು. ಪೆನ್ನು ಕೆಳಗಿಟ್ಟರು.

"ಇದು ನನ್ ಅಕ್ಷರ," ಎಂದರು. "ಡೇಟ್ ಆದ ಮಾಲು ವಾಪಸ್ ಕಳಿಸುವಾಗ ಮುಚ್ಚಳದೊಳಗೆ ವಾ ಅಂತ ಬರೆದು ಸುತ್ತು ಹಾಕ್ತೀನಿ. ಅಪ್ಪಿತಪ್ಪಿ ಮತ್ತೆ ಮಾರಬಾರದು ಅಂತ." ಆಮೇಲೆ ವಿತರಕನ ಕಡೆ ತಿರುಗಿ, "ನಾನು ವಾಪಸ್ ಕೊಟ್ಟಿದ್ದನ್ನೇ ನನಗೆ ತಂದುಕೊಟ್ರಾ?" ಎಂದರು.

ಅವನ ಮುಖ ಇಳಿಯಿತು, ಆದರೆ ಬಾಯಿ ನಿಲ್ಲಲಿಲ್ಲ. ಗೋಡೌನಿನ ಹುಡುಗರ ಕೆಲಸ, ತನಗೆ ಗೊತ್ತೇ ಇಲ್ಲ, ನಾಳೆಯೇ ಫ್ರೆಶ್ ಸ್ಟಾಕ್ ಕಳಿಸುತ್ತೇನೆ ಎಂದ. ಸಾರ್ ಮೆಲ್ಲಗೆ ತಮ್ಮ ವರದಿಯನ್ನು ಡ್ರಾಯರಿನೊಳಗೆ ಸೇರಿಸಿದರು. ಅದನ್ನು ನೋಡಿ ನನಗೆ ಇನ್ನಷ್ಟು ಅಸಹ್ಯವಾಯಿತು.

ಆಕೆ ಗೆದ್ದಿದ್ದರು. ಲೈಸೆನ್ಸಿಗೆ ಇನ್ನು ಭಯವಿರಲಿಲ್ಲ. ನಾನು ಆಕೆ ಅವನ ಮೇಲೆ ಎಗರಾಡುತ್ತಾರೆ ಎಂದುಕೊಂಡಿದ್ದೆ, ಎಗರಾಡಲಿ ಎಂದು ಆಸೆಯೂ ಇತ್ತು. ಆಕೆ ಫೋಟೋದಿಂದ ಕಣ್ಣು ತೆಗೆಯಲಿಲ್ಲ.

"ನಮ್ ರಸ್ತೇಲೇ ಇರೋ ಮೇಷ್ಟ್ರು," ಎಂದರು, ಯಾರಿಗೆಂದಿಲ್ಲದೆ. "ಇಷ್ಟು ಇಂಜೆಕ್ಷನ್ ಕೊಟ್ರೂ ರಕ್ತ ಏರ್ತಿಲ್ಲ ಆಂಟಿ ಅಂತ ಅವರ ಮಗಳು ಬಂದು ಅತ್ಲು. ನಿಮ್ಮಪ್ಪಂಗೆ ನೀನು ಸರಿಯಾಗಿ ಊಟ ಹಾಕ್ತಿಲ್ಲ ಅಂತ ನಾನು ಆ ಮಗೂನ ಗಿರಾಕಿಗಳ ಮುಂದೆ ಬೈದು ಕಳಿಸ್ದೆ. ಇಂಜೆಕ್ಷನ್ ಮೇಲೆ ಅನುಮಾನ ಬಂದಿದ್ದು ಆಮೇಲೆ. ಅವತ್ತು ಕೈಯಲ್ಲಿ ಇಂಥದೇ ಇನ್ನೊಂದು ಡಬ್ಬಿ ಕೊಟ್ಟು ಕಳಿಸ್ದೆ."