ಬ್ಲಫ್‌ನ ಇಬ್ಬರು ಹೆಂಗಸರು, ಒಂದೇ ಫೈಲು

ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಗೆ ಮಂಡ್ಯ, ಮದ್ದೂರು, ಮಳವಳ್ಳಿ ಹೀಗೆ ಮೂರು ಕಡೆ ಶಾಖೆಗಳಿದ್ದವು, ಮೂರರ ಕಂಪ್ಯೂಟರುಗಳನ್ನೂ ನೋಡಿಕೊಳ್ಳುತ್ತಿದ್ದವಳು ನಾನೊಬ್ಬಳೇ. ಕೆರಗೋಡಿನಿಂದ ಬಸ್ಸಿನಲ್ಲಿ ಬಂದಿಳಿದರೆ ಸೆಕ್ಯುರಿಟಿಯವನಿಂದ ಹಿಡಿದು ದೊಡ್ಡ ಡಾಕ್ಟರವರೆಗೂ ಎಲ್ಲರೂ ನನ್ನನ್ನು ಕಂಪ್ಯೂಟರಮ್ಮ ಎನ್ನುತ್ತಿದ್ದರು. ಪ್ರಿಂಟರಿಗೆ ಕಾಗದ ಸಿಕ್ಕಿಕೊಂಡರೆ ಮಾತ್ರ ಕಂಪ್ಯೂಟರಮ್ಮ ಬೇಕು. ಕಂಪ್ಯೂಟರಿನ ಬಗ್ಗೆ ಏನಾದರೂ ತೀರ್ಮಾನ ಆಗಬೇಕಾದರೆ ಮ್ಯಾನೇಜರರ ಭಾಮೈದ ಬೇಕು. ಆತ ತಜ್ಞ. ಯಾವುದರಲ್ಲಿ ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಮೂರೂ ಶಾಖೆಗಳಲ್ಲಿ ರೋಗಿಗಳ ಹೆಸರನ್ನು ಕನ್ನಡದಲ್ಲೇ ಹೊಡೆಯುತ್ತಿದ್ದರು, ಅದೂ ಹಳೆಯ ಕಾಲದ ಫಾಂಟಿನಲ್ಲಿ. ಆ ಫಾಂಟಿನ ಕಥೆ ಏನೆಂದರೆ, ಒಳಗೆ ಕೂತಿರುವುದು ಕನ್ನಡವೇ ಅಲ್ಲ. ಒಳಗಿರುವುದು ಇಂಗ್ಲಿಷಿನ ಅಕ್ಷರಗಳು, ತಲೆಯ ಮೇಲೆ ಚುಕ್ಕೆ ಗೆರೆ ಹೊತ್ತ ಯುರೋಪಿನ ಅಕ್ಷರಗಳು. ಫಾಂಟು ಅವಕ್ಕೆ ಕನ್ನಡದ ಅಂಗಿ ತೊಡಿಸಿ ಪರದೆಗೆ ಕಳಿಸುತ್ತದೆ, ಅಷ್ಟೇ. ಚಿಕ್ಕ ಝಡ್ಡಿಗೆ ದ ಅಂಗಿ, ದೊಡ್ಡ ಝಡ್ಡಿಗೆ ಚ ಅಂಗಿ. ಅಕ್ಷರದ ತಲೆಕಟ್ಟು ಎಂದರೆ ಮೇಲೆ ಒಂದು ಕಡೆಗೆ ವಾಲಿದ ಗೆರೆ ಹೊತ್ತ ಇಂಗ್ಲಿಷಿನ ಎ, ದೀರ್ಘ ಎಂದರೆ ಇನ್ನೊಂದು ಕಡೆಗೆ ವಾಲಿದ ಗೆರೆಯ ಎ.

ಯಾವ ಅಕ್ಷರ ಮೊದಲು, ಯಾವುದು ಆಮೇಲೆ, ಯಾವೆರಡು ಒಂದೇ ಎಂದು ಡೇಟಾಬೇಸಿಗೆ ಹೇಳಿಕೊಡುವ ನಿಯಮಕ್ಕೆ ಕೊಲೇಷನ್ ಎನ್ನುತ್ತಾರೆ. ನಮ್ಮ ಡೇಟಾಬೇಸಿಗೆ ಹುಟ್ಟಿದಾಗಿನಿಂದ ಇದ್ದದ್ದು ಇಂಗ್ಲಿಷಿನ ಕೊಲೇಷನ್. ದೊಡ್ಡಕ್ಷರ ಚಿಕ್ಕಕ್ಷರ ಒಂದೇ, ತಲೆಯ ಮೇಲಿನ ಗೆರೆ ಲೆಕ್ಕಕ್ಕಿಲ್ಲ ಎಂಬುದು ಅದರ ಧರ್ಮ. ಇಂಗ್ಲಿಷಿಗೆ ಅದು ಸರಿಯೇ. ಆದರೆ ಅದರ ಕಣ್ಣಿಗೆ ನಮ್ಮ ದರವೂ ಚರವೂ ಒಂದೇ, ಗಳವೂ ಗಾಳವೂ ಒಂದೇ. ಅಕಾರಾದಿಯಲ್ಲಿ ಜೋಡಿಸು ಎಂದರೆ ಆ ಮತ್ತು ಇ ನಡುವೆ ಜ ಬಂದು ಕೂರುತ್ತಿತ್ತು, ಏಕೆಂದರೆ ಒಳಗೆ ಆ ಎಂದರೆ ದೊಡ್ಡ ಡಿ, ಜ ಎಂದರೆ ಚಿಕ್ಕ ಡಿ.

ಮೂರೂ ಶಾಖೆಗಳ ಡೇಟಾ ಒಂದುಗೂಡಿಸುವ ಕೆಲಸ ಬಂದಾಗ ನಾನು ಇದನ್ನೆಲ್ಲ ಹೇಳಿದೆ. ಮೊದಲು ಯೂನಿಕೋಡಿಗೆ ತಿರುಗಿಸೋಣ, ಅಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ನಂಬರ್ ಇದೆ, ಕೊಲೇಷನ್ ಬದಲಿಸೋಣ, ಆಮೇಲೆ ಒಂದುಗೂಡಿಸೋಣ ಎಂದೆ. ತಜ್ಞ ಮಾನಿಟರನ್ನು ನನ್ನ ಕಡೆ ತಿರುಗಿಸಿದ.

"ಮೇಡಂ, ಇದು ಕನ್ನಡ ತಾನೇ? ನಿಮಗೆ ಓದೋಕೆ ಬರುತ್ತೆ ತಾನೇ? ಮತ್ತಿನ್ನೇನು ಪ್ರಾಬ್ಲಮ್?"

ಮ್ಯಾನೇಜರು ನಕ್ಕರು. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ. ತಜ್ಞ ಒಂದೇ ಏಟಿಗೆ ಕೆಲಸ ಮುಗಿಸಿದ: ಹೆಸರು, ಊರು, ವಯಸ್ಸು, ಫೋನು ಒಂದೇ ಇದ್ದರೆ ಒಬ್ಬರೇ ಮನುಷ್ಯರು, ಹೊಸ ಫೈಲು ಉಳಿಸು, ಹಳೆಯದನ್ನು ಅಳಿಸು. ಅಳಿಸುವ ಮುಂಚೆ ನಾನು ಎಲ್ಲದರ ಒಂದು ಬ್ಯಾಕಪ್ ತೆಗೆದಿಟ್ಟೆ. ಅದಕ್ಕೂ ಜಾಗ ದಂಡ ಎಂದು ಗೊಣಗಿದ.

ನಮ್ಮ ಕಡೆ ರಿಜಿಸ್ಟ್ರೇಷನ್ ಹೇಗೆ ನಡೆಯುತ್ತದೆ ಎಂದು ಆ ಮಹಾನುಭಾವನಿಗೆ ಗೊತ್ತಿದ್ದರೆ ತಾನೇ! ವಯಸ್ಸು ಎಷ್ಟು ಎಂದರೆ "ಬರ್ಕೊ, ನಲವತ್ತು" ಎನ್ನುತ್ತಾರೆ, ಮೂವತ್ತೈದಾದವಳೂ ಐವತ್ತಾದವಳೂ. ಮಳವಳ್ಳಿ ಕೌಂಟರಿನವರಂತೂ ಊರು ಬ್ಲಫ್, ಅದೇ ಪವರ್ ಹೌಸ್ ಇರುವ ಊರು, ಎಂದ ಕೂಡಲೇ ಅಲ್ಲಿನ ಒಂದು ಅಂಗಡಿಯ ನಂಬರನ್ನು ಬಾಯಿಪಾಠದಿಂದ ಹೊಡೆದುಬಿಡುತ್ತಿದ್ದರು. ಬ್ಲಫ್‌ನ ಅರ್ಧ ಹೆಂಗಸರಿಗೆ ನಲವತ್ತು ವರ್ಷ, ಅದೇ ಅಂಗಡಿಯ ಫೋನು. ಉಳಿಯುವುದು ಹೆಸರೊಂದೇ, ಅದನ್ನು ಕೊಲೇಷನ್ ತಿಂದಿತ್ತು.

ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮಂಡ್ಯದ ವಾರ್ಡಿನಿಂದ ಸಿಸ್ಟರ್ ಫೋನ್ ಮಾಡಿದರು. ಬ್ಲಫ್‌ನ ಒಬ್ಬ ಹೆಂಗಸು, ಗಂಡ ಪವರ್ ಹೌಸಿನಲ್ಲಿ ಕೆಲಸ, ಕಾಲು ಬಾತು ಕೆಂಪಗಾಗಿ ದಾಖಲಾಗಿದ್ದಾಳೆ, ಪೆನಿಸಿಲಿನ್ ಕೊಡಲು ಬಿಡುತ್ತಿಲ್ಲ, ಬಂದು ಫೈಲು ನೋಡಿ ಎಂದರು. ಹೋದೆ. ಮಂಚದ ಮೇಲೆ ಎರಡೂ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಆಕೆ ಕೂತಿದ್ದಳು. ಎದುರಿಗೆ ಡಾಕ್ಟರು, ಪಕ್ಕದಲ್ಲಿ ಮ್ಯಾನೇಜರು.

ಮಳವಳ್ಳಿಯಲ್ಲಿ ಹಿಂದೊಮ್ಮೆ ಅದೇ ಔಷಧಿಯ ಟೆಸ್ಟ್ ಡೋಸಿಗೇ ಉಸಿರು ಕಟ್ಟಿ ಬಿದ್ದಿದ್ದೆ, ಅಲ್ಲಿನ ಡಾಕ್ಟರು ಕಂಪ್ಯೂಟರಿಗೆ ಬರೆದರು ಎಂದು ಆಕೆ ಹೇಳುತ್ತಿದ್ದಳು. ಕಂಪ್ಯೂಟರಿನಲ್ಲಿ 'ಅಲರ್ಜಿ: ಇಲ್ಲ' ಎಂದಿತ್ತು. ಸಕ್ಕರೆ ಕಾಯಿಲೆ ಇದೆ ಎಂದೂ ಇತ್ತು. ತನಗೆ ಸಕ್ಕರೆ ಕಾಯಿಲೆಯೇ ಇಲ್ಲ ಎಂದು ಆಕೆ. ರೋಗಿಗಳು ಮರೆಯುತ್ತಾರೆ, ಸಿಸ್ಟಮ್ ಮರೆಯುವುದಿಲ್ಲ ಎಂದು ಮ್ಯಾನೇಜರು ಡಾಕ್ಟರಿಗೆ ಸಮಾಧಾನ ಹೇಳುತ್ತಿದ್ದರು. ಭಾಮೈದನಿಂದ ಕಲಿತ ಮಾತೇ ಇರಬೇಕು.

"ಸತ್ರೆ ಸಾಯೋಳು ನಾನು ಕಣಮ್ಮ, ಇವ್ರ ಕಂಪ್ಯೂಟ್ರಲ್ಲ," ಎಂದಳು ನನಗೆ. "ಆ ಸೂಜಿ ನಂಗಾಗಾಕಿಲ್ಲ."

ಹತ್ತು ನಿಮಿಷ ಏನನ್ನೂ ಕೊಡಬೇಡಿ ಎಂದು ಡಾಕ್ಟರಿಗೆ ಹೇಳಿ ಬ್ಯಾಕಪ್ ತೆರೆದೆ. ಆಕೆಯ ಹೆಸರು ಹಾಕಿ ಹುಡುಕಿದರೆ ಎರಡು ಫೈಲು ಬಂದವು. ಫಾಂಟಿನ ಅಂಗಿ ಕಳಚಿ ಒಳಗಿನ ಅಕ್ಷರ ನೋಡಿದೆ. ವ್ಯತ್ಯಾಸ ಒಂದು ಎ ತಲೆಯ ಮೇಲಿನ ಗೆರೆ ಯಾವ ಕಡೆ ವಾಲಿದೆ ಎಂಬುದು ಮಾತ್ರ. ಒಬ್ಬಳ ಹೆಸರು ಹ್ರಸ್ವ, ಇನ್ನೊಬ್ಬಳದು ದೀರ್ಘ. ಸಕ್ಕರೆ ಕಾಯಿಲೆ ದೀರ್ಘದವಳದು. ಹ್ರಸ್ವದವಳ ಫೈಲಿನಲ್ಲಿ ಪೆನಿಸಿಲಿನ್ ಕೊಡಕೂಡದು ಎಂದು ಕೆಂಪಕ್ಷರದಲ್ಲಿತ್ತು. ಅದು ಹಳೆಯದು, ಆದ್ದರಿಂದ ಅಳಿದಿತ್ತು. ಮಂಚದ ಮೇಲೆ ಕೂತಿದ್ದವಳು ಹ್ರಸ್ವದವಳು. ಡಾಕ್ಟರು ನೋಡಿದ ಕೂಡಲೇ ಬೇರೆ ಔಷಧಿ ಬರೆದರು, ಆಕೆ ಸೆರಗಿನಿಂದ ಕೈ ಹೊರತೆಗೆದಳು.

ಮ್ಯಾನೇಜರು ಏನು ಮಾಡಿದರು ಗೊತ್ತೆ? 'ನಿಮ್ಮ ಅಲರ್ಜಿಯನ್ನು ನೀವೇ ತಿಳಿಸಿ' ಎಂದು ಬೋರ್ಡು ಬರೆಸಿ ಕೌಂಟರಿಗೆ ಹಾಕಿಸಿದರು. ಥೂ, ಇದೂ ಒಂದು ಜನ್ಮವೇ ಅನ್ನಿಸಿತು. ತಿಳಿಸಿದವಳ ಮಾತು ಕೇಳದೆ ಸೂಜಿ ಹಿಡಿದು ನಿಂತವರು! ತಜ್ಞನಂತೂ ಇದು ಕನ್ನಡದ್ದೇ ದೋಷ, ಇಂಗ್ಲಿಷಿನಲ್ಲಿ ಹೊಡೆದಿದ್ದರೆ ಆಗುತ್ತಿರಲಿಲ್ಲ ಎಂದನಂತೆ. ಹ್ರಸ್ವ ದೀರ್ಘ ಎರಡಕ್ಕೂ ಒಂದೇ ಎ ಬರೆಯುವ ಇಂಗ್ಲಿಷಿನಲ್ಲಿ!

ನಾನು ಯಾರನ್ನೂ ಕೇಳದೆ ಬ್ಯಾಕಪ್ಪಿನ ಹೆಸರುಗಳನ್ನೆಲ್ಲ ಯೂನಿಕೋಡಿಗೆ ತಿರುಗಿಸಲು ಕೂತೆ. ಕೊ ಎಂಬುದರ ಒ ಸ್ವರವನ್ನು ಒಂದೇ ಚಿಹ್ನೆಯಾಗಿಯೂ ಎರಡು ತುಂಡಾಗಿಯೂ ಇಡಲು ಯೂನಿಕೋಡಿನಲ್ಲಿ ಸಾಧ್ಯ, ನೋಡಲು ಒಂದೇ. ಅಂಥವನ್ನೆಲ್ಲ ಒಂದೇ ರೂಪಕ್ಕೆ ತಂದೆ. ಎರಡು ಹೆಸರು ಸಮ ಎನ್ನಲು ಅಕ್ಷರಕ್ಕೆ ಅಕ್ಷರ ಹೊಂದಬೇಕು, ಸಾಲಿಗೆ ನಿಲ್ಲಿಸಲು ಕನ್ನಡ ವರ್ಣಮಾಲೆಯ ಕ್ರಮ, ಹೀಗೆ ಕೊಲೇಷನ್ ಬದಲಿಸಿದೆ. ಹೆಸರು ನೋಡಿ ಫೈಲು ಬೆರೆಸುವುದನ್ನು ಪೂರ್ತಿ ನಿಲ್ಲಿಸಿದೆ. ಜ ತನ್ನ ಜಾಗಕ್ಕೆ ಹೋಗಿ ನಿಂತಿತು.

ಹ್ರಸ್ವದವಳು ಗುಣವಾಗಿ ಹೊರಡುವ ದಿನ ನನ್ನ ಕೋಣೆಗೆ ಬಂದಳು. ಇಬ್ಬರ ಫೈಲೂ ಬೇರೆ ಮಾಡಿದೆ ಎಂದು ತೋರಿಸಿದೆ. ಆಕೆ ಪರದೆಯನ್ನೇ ನೋಡುತ್ತಾ ನಿಂತಳು.

"ನಾನು ಗೆಜ್ಜಲಗೆರೇಲಿ ತಂಗಿ ಮನೇಲಿದ್ದಾಗ ಮದ್ದೂರಲ್ಲಿ ಟೆಸ್ಟಿಗೆ ರಕ್ತ ಕೊಟ್ಟಿದ್ದೆ ಕಣವ್ವ. ಅದು ಯಾರ ಫೈಲಿಗೋಯ್ತು?"

ಅದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ತೆಗೆದು ನೋಡಿದೆ. ಫೈಲುಗಳು ಬೆರೆತ ಮೇಲೆ ಬಂದಿದ್ದ, ಸಕ್ಕರೆ ಅಂಶ ಸರಿಯಾಗಿದೆ ಎಂಬ ಆ ಮದ್ದೂರಿನ ವರದಿ ದೀರ್ಘದವಳ ಹೆಸರಿನಲ್ಲಿ ಕೂತಿತ್ತು. ಕೂಡಲೇ ಅಂಗಡಿಯ ನಂಬರಿಗೆ ಫೋನ್ ಮಾಡಿ ದೀರ್ಘದವಳನ್ನು ಫೋನಿಗೆ ಕರೆಸಿದೆ. ನಾನು ಆಸ್ಪತ್ರೆಯವಳು ಎಂದದ್ದೇ ತಡ, ಆಕೆ ಬಾಯ್ತುಂಬ ಹರಸಿದಳು.

"ನಿಮ್ಮೊಟ್ಟೆ ತಣ್ಣಗಿರ್ಲಿ ಕಣವ್ವ. ವರದಿ ನೋಡ್ಬುಟ್ಟು ಸಕ್ರೆ ಕಾಯ್ಲೆ ವಾಸಿಯಾಗದೆ ಅಂದ್ರು ಮಳವಳ್ಳಿಲಿ. ಮಾತ್ರೆ ಬುಟ್ಟು ತಿಂಗ್ಳಾಯ್ತು. ಯಾಕೋ ಈ ನಡುವೆ ಕಣ್ಣು ಮಾತ್ರ ಮಂಜು ಮಂಜು."