ಗಾದಿಲಿಂಗನ ಬಿಕ್ಕಳಿಕೆ, ಊರ ಮಂದಿಯ ಸುಳ್ಳು

ಗಾದಿಲಿಂಗನ ಕೈಯಲ್ಲಿ ದಾಡಿ ಮಾಡಿಸಿಕೊಂಡು ರಕ್ತ ಕಂಡವರು ಬಳಗಾನೂರಿನಲ್ಲಿ ಒಬ್ಬರೂ ಇರಲಿಲ್ಲ. ಈ ಮಾತನ್ನು ಅವನೇ ಹೇಳುತ್ತಿದ್ದ, ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಬಸ್ ನಿಲ್ದಾಣದ ಎದುರಿನ ಅವನ ಅಂಗಡಿಯಲ್ಲಿ ಇದ್ದದ್ದು ಒಂದೇ ಕುರ್ಚಿ, ಒಂದು ಕನ್ನಡಿ, ಒಂದು ಉದ್ದನೆಯ ಬೆಂಚು. ಬೆಂಚಿನ ಮೇಲೆ ಕೂತವರಲ್ಲಿ ಅರ್ಧ ಮಂದಿ ಕೂದಲಿಗೆ ಬಂದವರಲ್ಲ, ಹರಟೆಗೆ ಬಂದವರು. ತಾನು ಜವಳ ತೆಗೆದ ಕೂಸುಗಳಿಗೇ ಮುಂದೆ ಮದುವೆಯ ದಾಡಿಯನ್ನೂ ಮಾಡಿದವನು ಅವನು. ದೇವರನ್ನು ಅವನು ನಂಬುತ್ತಿದ್ದ, ಆದರೆ ತನ್ನ ಬಲಗೈಯನ್ನು ತುಸು ಹೆಚ್ಚೇ ನಂಬುತ್ತಿದ್ದ.

ಅಂಥವನಿಗೆ ಒಂದು ಭಾನುವಾರ ಸಂಜೆ ಬಿಕ್ಕಳಿಕೆ ಶುರುವಾಯಿತು. ಭಾನುವಾರವೆಂದರೆ ಉಸಿರಾಡಲು ಬಿಡುವಿಲ್ಲದ ದಿನ. ಕೊನೆಯ ಗಿರಾಕಿಯನ್ನು ಕಳಿಸಿ, ಹಸಿವಿನ ಭರಕ್ಕೆ ಒಂದು ತಟ್ಟೆ ಮಿರ್ಚಿ ಭಜಿಯನ್ನು ಗಬಗಬನೆ ತಿಂದು, ಮೇಲೊಂದು ಸೋಡಾ ಕುಡಿದು ಮನೆಗೆ ಬಂದಿದ್ದ. ಹೀಗಾಗಿ ಕಾರಣ ಹುಡುಕುವ ಕಷ್ಟ ಯಾರಿಗೂ ಬರಲಿಲ್ಲ. ಭಜಿ ಎಂದರು ಕೆಲವರು, ಸೋಡಾ ಎಂದರು ಉಳಿದವರು.

"ಯಾರೋ ನೆನಸಾಕತ್ತಾರ," ಎಂದಳು ಹೆಂಡತಿ ಪೀರಮ್ಮ. ಒಬ್ಬೊಬ್ಬರ ಹೆಸರು ಹೇಳುತ್ತಾ ಹೋದರೆ ನೆನೆದವರ ಹೆಸರಿಗೆ ಬಿಕ್ಕಳಿಕೆ ನಿಲ್ಲುತ್ತದಂತೆ. ಮಸ್ಕಿಗೆ ಕೊಟ್ಟ ಮಗಳು ಭಾರತಿಯಿಂದ ಹಿಡಿದು ಲಿಂಗಸುಗೂರಿನ ಸತ್ತ ಸೋದರತ್ತೆಯವರೆಗೆ ಹೇಳಿದ್ದಾಯಿತು. ಯಾರೂ ನೆನೆದಿರಲಿಲ್ಲ.

ಸೋಮವಾರ ಊರಿನ ವೈದ್ಯವೆಲ್ಲ ನಡೆಯಿತು. ತಣ್ಣೀರನ್ನು ಗುಟುಕು ಗುಟುಕಾಗಿ ಕುಡಿದ. ಉಸಿರು ಬಿಗಿ ಹಿಡಿದು ಮುಖ ಕೆಂಪಗೆ ಮಾಡಿಕೊಂಡ. ಚಮಚ ತುಂಬ ಸಕ್ಕರೆ ನಾಲಿಗೆ ಮೇಲಿಟ್ಟುಕೊಂಡ. ಬಗ್ಗಿ ನಿಂತು ಲೋಟದ ಆಚೆ ಅಂಚಿನಿಂದ ನೀರು ಕುಡಿಯಲು ಹೋಗಿ ಮೂಗಿಗೇರಿಸಿಕೊಂಡ. ಒಂದೊಂದಕ್ಕೂ ಬಿಕ್ಕಳಿಕೆ ಒಂದು ಗಳಿಗೆ ಸುಮ್ಮನಿದ್ದು, ಮತ್ತೆ ಬರುತ್ತಿತ್ತು.

ಉಳಿದದ್ದು ಹೆದರಿಸುವುದು. ಬಿಕ್ಕುವವನಿಗೆ ಥಟ್ಟನೆ ಏನಾದರೂ ಕೆಟ್ಟ ಸುದ್ದಿ ಹೇಳಿದರೆ ಎದೆ ಧಸಕ್ಕೆಂದು ಬಿಕ್ಕಳಿಕೆ ನಿಲ್ಲುತ್ತದೆಂಬುದು ಆ ಸೀಮೆಯ ನಂಬಿಕೆ. ಈ ಮದ್ದಿಗೆ ಖರ್ಚಿಲ್ಲ, ಕೊಡುವವರಿಗೆ ಖುಷಿಯೂ ಇದೆ. ಹೀಗಾಗಿ ಇಡೀ ಊರೇ ಮುಂದೆ ಬಂತು. ಪಕ್ಕದ ಸೈಕಲ್ ಅಂಗಡಿಯ ಖಾಜಾಸಾಬ್ ಓಡಿ ಬಂದು, "ಗಾದಿಲಿಂಗಣ್ಣ, ರಸ್ತಾ ಅಗಲ ಮಾಡ್ತಾರಂತ, ನಿನ್ನ ಅಂಗಡಿಗೆ ಜೆಸಿಬಿ ಬಂದೈತಿ," ಎಂದ. ಗಾದಿಲಿಂಗ ಕತ್ತರಿ ಹಿಡಿದುಕೊಂಡೇ ಹೊರಗೆ ಓಡಿದ. ಹೊರಗೆ ಒಂದು ಎಮ್ಮೆ ಇತ್ತು. ನಿವೃತ್ತ ಜವಾನ ಅಂಬಪ್ಪ, ಕಳುವಿನ ಕೇಸಿನಲ್ಲಿ ಗಾದಿಲಿಂಗನ ಹೆಸರು ಬಂದಿದೆಯೆಂದು ಮುಖ ಗಂಟಿಕ್ಕಿಕೊಂಡು ಹೇಳಿದ. ಸ್ಟೇಷನ್ನಿಗೆ ಹೋಗಲು ಅಂಗಿ ಬದಲಿಸುವಾಗ ಬೆಂಚಿನವರೆಲ್ಲ ನಕ್ಕರು.

ಮಂಗಳವಾರ ಕ್ಷೌರದಂಗಡಿಗೆ ರಜೆ. ಅಂದು ಮಧ್ಯಾಹ್ನ ಪೀರಮ್ಮ ಅವನ ಮುಂಗೈ ಹಿಡಿದುಕೊಂಡು, "ಭಾರತಿ ಗಾಡಿ ಮ್ಯಾಲಿಂದ ಬಿದ್ದಾಳಂತ್ರಿ," ಎಂದಳು. ಗಾದಿಲಿಂಗ ಚಪ್ಪಲಿಯಿಲ್ಲದೆ ಬಸ್ ನಿಲ್ದಾಣದವರೆಗೆ ಓಡಿದ. ಮಸ್ಕಿ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಾಗ ಅವಳು ಹಿಂದಿನಿಂದ ಬಂದು, "ಸುಳ್ಳ್ರಿ, ನಿಂತತೇನು?" ಎಂದು ಕೇಳಿದಳು. ನಿಂತಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅವನು ಹೇಳಿದ್ದು ಇಷ್ಟೇ: "ಇನ್ನ ಯಾರ ಮಾತೂ ನಂಬಂಗಿಲ್ಲ. ನಿಂದೂ ಸೇರಿ."

ಗಾದಿಲಿಂಗ ಹೇಳಿದಂತೆ ನಡೆಯುವ ಮನುಷ್ಯ. ಬುಧವಾರ ಬೆಳಿಗ್ಗೆ ಲೈನ್‌ಮನ್ ಬಂದು ಈಗ ಕರೆಂಟು ತೆಗೆಯುತ್ತೇವೆ ಎಂದಾಗ, "ಹೂಂ, ತೆಗೀರಿ," ಎಂದು ನಕ್ಕು ಮಷಿನ್ ಓಡಿಸಿದ. ಕರೆಂಟು ಹೋಯಿತು. ಸಾಲಗುಂದದಿಂದ ಬಂದಿದ್ದ ಗಿರಾಕಿ ಅರ್ಧ ತಲೆಯೊಂದಿಗೆ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದ.

ಆ ಬಿಡುವಿನಲ್ಲೇ ಪೀರಮ್ಮ ಅವನನ್ನು ಊರ ಸರ್ಕಾರಿ ದವಾಖಾನೆಗೆ ಎಳೆದುಕೊಂಡು ಹೋದಳು. ಅಲ್ಲಿ ಡಾಕ್ಟರ್ ಶಾಹೀಸ್ತಾ ಎಂಬ ಕಿರಿಯ ವಯಸ್ಸಿನ ವೈದ್ಯೆ. ಬಿ.ಪಿ. ನೋಡಿದಳು, ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದಳು, ಹೊಟ್ಟೆ ಒತ್ತಿದಳು. ಹೊಸದಾಗಿ ಯಾವುದಾದರೂ ಗುಳಿಗೆ, ಇಂಜೆಕ್ಷನ್ ತಗೊಂಡಿದ್ದೀರಾ, ಎದೆ ಉರಿ ಇದೆಯಾ, ನುಂಗಲು ಕಷ್ಟವಾ, ಮಾತು ತೊದಲುತ್ತದಾ, ಕೈಕಾಲು ಸೋತಂತಾಗುತ್ತದಾ ಎಂದು ಒಂದೊಂದೇ ಕೇಳಿದಳು. ಎಲ್ಲದಕ್ಕೂ ಇಲ್ಲ ಎಂದ.

"ನಿದ್ದಿಯೊಳಗೂ ಬರ್ತಾವೇನು?"

"ಬರ್ತಾವ್ರಿ," ಎಂದಳು ಪೀರಮ್ಮ. "ಅವರು ಮಲಗಿರ್ತಾರ, ಬಿಕ್ಕಳಿಕಿ ಎದ್ದಿರ್ತೈತಿ."

"ನೋಡ್ರಿ, ಖಾರ, ಸೋಡಾ, ಹೊಟ್ಟಿ ಬಿರಿಯೋವಷ್ಟು ಊಟ, ಸೆರೆ ಕುಡಿಯೋದು, ಇವಕ್ಕ ಬಂದ ಬಿಕ್ಕಳಿಕಿ ತಾಸೊಪ್ಪತ್ತಿನ್ಯಾಗ ತಾನ ಹೋಗ್ತೈತಿ. ಎರಡು ದಿನ ದಾಟಿತು ಅಂದ್ರ ಕಾರಣ ಹುಡುಕಬೇಕು. ಬಹಳ ಸಲ ಹೊಟ್ಟಿ ಆ್ಯಸಿಡ್‌ದ್ದ ಇರ್ತೈತಿ, ಅದಕ್ಕ ಗುಳಿಗಿ ಕೊಡ್ತೀನಿ. ಆದ್ರ ಒಮ್ಮೊಮ್ಮೆ ಕಿಡ್ನಿ, ಪುಪ್ಪುಸ, ಹೃದಯ, ಮೆದುಳಿನ ತೊಂದರಿನೂ ಹಿಂಗ ತೋರಸ್ತೈತಿ. ಸಿಂಧನೂರು ದೊಡ್ಡ ದವಾಖಾನಿಗೆ ಹೋಗಿ ರಕ್ತ, ಇ.ಸಿ.ಜಿ. ಮಾಡಿಸ್ರಿ. ನಡುವ ಎದಿ ನೋವು, ದಮ್ಮು ಬಂದ್ರ, ಬಾಯಿ ಸೊಟ್ಟ ಆದ್ರ, ಮಾತು ತೊದಲಿದ್ರ, ಒಂದು ಗಳಿಗಿನೂ ಕಾಯಬ್ಯಾಡ್ರಿ."

ಗಾದಿಲಿಂಗ ಎಲ್ಲವನ್ನೂ ಮೆಚ್ಚುಗೆಯಿಂದ ಕೇಳಿದ. "ಯವ್ವಾ, ನೀವು ಭಾರಿ ಹೆದರಸ್ತೀರಿ. ಖಾಜಾಸಾಬ್ ಬರೇ ಜೆಸಿಬಿ ತಂದಿದ್ದ."

"ನಾ ಹೆದರಸಾಕತ್ತಿಲ್ರೀ."

"ಎಲ್ಲಾರೂ ಹಂಗ ಅಂತಾರ್ರಿ," ಎಂದು ಬಿಕ್ಕಿ, ಕೈ ಮುಗಿದು ಎದ್ದ. ಕಿಡ್ನಿ, ಹೃದಯ, ಮೆದುಳು ಎಂದು ಒಂದೇ ಉಸಿರಿಗೆ ಹೇಳಿದ್ದಳಲ್ಲ, ಸುಳ್ಳು ಹೇಳುವವರು ಮಾತ್ರ ಇಷ್ಟೊಂದು ಒಟ್ಟಿಗೆ ಹೇಳುತ್ತಾರೆ ಎಂಬುದು ಅವನ ಲೆಕ್ಕ. ಪೀರಮ್ಮ ದಾರಿಯುದ್ದಕ್ಕೂ ಅದು ಖರೆ ಎಂದಳು. ಭಾರತಿ ಬಿದ್ದದ್ದನ್ನೂ ನೀ ಹಿಂಗ ಹೇಳಿದ್ದಿ ಎಂದ.

ಗುಳಿಗೆ ನುಂಗಿದ. ಬಿಕ್ಕಳಿಕೆ ಹೋಗಲಿಲ್ಲ. ಸಂಜೆ ಅಂಬಪ್ಪ ದಾಡಿಗೆ ಬಂದು ಕುರ್ಚಿಯಲ್ಲಿ ಕೂತ. ಈ ದಿನಗಳಲ್ಲಿ ಗಾದಿಲಿಂಗ ಒಂದು ಹದ ಕಲಿತಿದ್ದ. ಬಿಕ್ಕಳಿಕೆ ಬಂದು ಹೋದ ಮೇಲೆ ಕತ್ತಿ ಇಡುವುದು, ಎರಡು ಸಲ ಎಳೆಯುವುದು, ಕತ್ತಿ ಎತ್ತಿ ಮುಂದಿನದಕ್ಕೆ ಕಾಯುವುದು. ಕೆನ್ನೆ ಮುಗಿಯಿತು. ಗದ್ದ ಮುಗಿಯಿತು. ಗಂಟಲ ಹತ್ತಿರ ಕತ್ತಿ ಇಟ್ಟಿದ್ದಾಗ ಬಿಕ್ಕಳಿಕೆ ಹದ ಮುರಿದು ಮೊದಲೇ ಬಂತು.

ಬಿಳಿ ನೊರೆಯ ಮೇಲೆ ಒಂದು ಕೆಂಪು ಗೆರೆ ಮೂಡಿತು. ದೊಡ್ಡದೇನಲ್ಲ. "ಬಿಡಲೇ, ಸೊಳ್ಳಿ ಕಡದಂಗಾತು," ಎಂದ ಅಂಬಪ್ಪ. ಆದರೆ ಅವನೂ ಕುರ್ಚಿಯ ಕೈ ಬಿಗಿಯಾಗಿ ಹಿಡಿದಿದ್ದ. ಗಾದಿಲಿಂಗ ರಕ್ತ ನಿಲ್ಲಲು ಸ್ಫಟಿಕದ ಕಲ್ಲು ಒತ್ತಿದ, ಉಳಿದ ಅರ್ಧ ಗಂಟಲನ್ನು ಹಾಗೇ ಬಿಟ್ಟ, ಅಂಗಡಿಯ ಬಾಗಿಲು ಎಳೆದ. ಇನ್ನೆರಡು ಎಳೆ ಆಳಕ್ಕೆ ಹೋಗಿದ್ದರೆ ಎಂದು ಮನೆಯ ದಾರಿಯುದ್ದಕ್ಕೂ ತನ್ನ ಬಲಗೈಯನ್ನೇ ನೋಡಿಕೊಂಡ. ಈ ಕೈ ಹೋದರೆ ತನ್ನ ಹತ್ತಿರ ಇನ್ನೇನಿದೆ ಎಂಬುದು ಅವನಿಗೆ ಮೊದಲ ಸಲ ಹೊಳೆಯಿತು.

ಮನೆಯಲ್ಲಿ ಪೀರಮ್ಮ ಚೀಲದಲ್ಲಿ ಒಂದು ಪಂಚೆ, ಆಧಾರ್ ಕಾರ್ಡು ತುಂಬುತ್ತಿದ್ದಳು. ಮುಖ ಎತ್ತದೆ ಹೇಳಿದಳು: "ನೀವು ನಂಬಬ್ಯಾಡ್ರಿ. ನನಗ ಹೆದ್ರಿಕಿ ಆಗೈತಿ, ಅದಕ್ಕ ಬರ್ರಿ."

ಅವನು ಚೀಲ ಕಸಿದುಕೊಳ್ಳಲು ಹೋಗಿ ಅವಳ ಕೈ ಹಿಡಿದ. ಕೈ ನಡುಗುತ್ತಿತ್ತು. ಮಂಗಳವಾರ ಭಾರತಿಯ ಸುಳ್ಳು ಹೇಳುವಾಗ ಇದೇ ಕೈ ಅವನ ಮುಂಗೈಯನ್ನು ಹಿಡಿದಿತ್ತು, ಅಂದು ಒಂದು ಚೂರೂ ಅಲುಗಿರಲಿಲ್ಲ. ಮಾತಿನಲ್ಲಿ ಮೋಸ ಹೋಗಬಹುದು, ಕೈಯಲ್ಲಿ ಗಾದಿಲಿಂಗ ಮೋಸ ಹೋಗುವವನಲ್ಲ.

"ಮುಂಜಾನಿ ಮೊದಲ ಬಸ್ಸಿಗೆ ಹೋಗೂಣು," ಎಂದ.

ಸಿಂಧನೂರಿನ ದವಾಖಾನೆಯಲ್ಲಿ ರಕ್ತ ತೆಗೆದರು, ಎದೆಯ ಎಕ್ಸ್‌ರೇ ತೆಗೆದರು, ಇ.ಸಿ.ಜಿ. ಮಾಡಿದರು. ಸಾಲಿನಲ್ಲಿ ನಿಂತವರಿಗೆಲ್ಲ ಅವನ ಬಿಕ್ಕಳಿಕೆ ಪರಿಚಯವಾಯಿತು, ಮೂವರು ನೀರು ಕುಡಿಯಲು ಹೇಳಿದರು. ಮಧ್ಯಾಹ್ನದ ಹೊತ್ತಿಗೆ ವರದಿಗಳು ಬಂದವು. ಕಿಡ್ನಿ ಸರಿ, ಸಕ್ಕರೆ ಸರಿ, ರಕ್ತದ ಉಪ್ಪಿನಂಶ ಸರಿ, ಹೃದಯ ಸರಿ. ವೈದ್ಯರು ಅವನನ್ನು ಕಿವಿ ಮೂಗು ಗಂಟಲಿನ ಕೋಣೆಗೆ ಕಳಿಸಿದರು. ಎದೆಯಲ್ಲಿ ಬರುವ ಬಿಕ್ಕಳಿಕೆಗೆ ಕಿವಿ ನೋಡುವುದು ಗಾದಿಲಿಂಗನಿಗೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಕಂಡಿತು. ಆದರೆ ಸುಮ್ಮನೆ ತಲೆ ಬಾಗಿಸಿದ. ಬೇರೆಯವರ ಕೈಗೆ ತಲೆ ಕೊಟ್ಟು ಕೂತು ಅವನಿಗೆ ರೂಢಿಯಿರಲಿಲ್ಲ.

ಅಲ್ಲಿನ ವೈದ್ಯ ಲೈಟು ಹಿಡಿದು ಬಲಗಿವಿಯೊಳಗೆ ಬಹಳ ಹೊತ್ತು ನೋಡಿದ. "ಏನು ಉದ್ಯೋಗ?"

"ಕಟಿಂಗ್ ಅಂಗಡಿರಿ."

"ಕಿವಿಯೊಳಗ ಏನರ ಹಾಕ್ತೀರೇನು?"

ಗಾದಿಲಿಂಗ ಯೋಚಿಸಿದ. "ಕೂದಲು ಹಾರಿ ಬೀಳ್ತಾವ್ರಿ, ತುರಿಸ್ತೈತಿ. ಬೆಂಕಿಕಡ್ಡಿ ಹಾಕ್ತೀನಿ. ಇದು ಶುರುವಾದ ಐತವಾರ ಸಂಜಿಕನೂ ಹಾಕಿದ್ದೆ."

ವೈದ್ಯ ಸಣ್ಣ ಚಿಮುಟ ಇಳಿಸಿ, ತುಸು ಗುಗ್ಗೆ ಹತ್ತಿದ ಒಂದು ಕೂದಲ ತುಂಡನ್ನು ತೆಗೆದು ಹತ್ತಿಯ ಮೇಲೆ ಇಟ್ಟ. ಬೆಂಕಿಕಡ್ಡಿ ಅದನ್ನು ಹೊರಗೆ ತರುವ ಬದಲು ಒಳಗೆ ತಳ್ಳಿ ಕಿವಿಯ ತಮಟೆಗೆ ಒರಗಿಸಿತ್ತು. ಬಿಕ್ಕಳಿಕೆಗೆ ಸಂಬಂಧಪಟ್ಟ ಒಂದು ನರದ ಎಳೆ ಕಿವಿಗೂ ಬರುತ್ತದೆ, ಕೂದಲು ಅದನ್ನೇ ಕೆಣಕುತ್ತಿತ್ತು ಎಂದ ವೈದ್ಯ. "ಭಾಳ ಅಪರೂಪ. ನೂರು ಮಂದಿ ಬಂದ್ರ ಒಬ್ಬಂದೂ ಹಿಂಗಿರಂಗಿಲ್ಲ. ಅದಕ್ಕ ಮೊದಲ ಉಳಿದದ್ದೆಲ್ಲ ನೋಡಿದ್ದು. ಕಡ್ಡಿ ಬಿಡ್ರಿ."

ಗಾದಿಲಿಂಗ ಮುಂದಿನ ಬಿಕ್ಕಳಿಕೆಗೆ ಕಾಯುತ್ತಾ ಕೂತ. ಕೊನೆಗೊಂದು ಬಂತು, ಬಹಳ ಸಣ್ಣದು. ಆಮೇಲೆ ಬರಲಿಲ್ಲ. ಅರ್ಧ ತಾಸು ಅಲ್ಲೇ ಕೂರಿಸಿ ನೋಡಿದರು, ಮತ್ತೆ ಶುರುವಾದರೆ ಬರಬೇಕೆಂದು ಹೇಳಿ ಕಳಿಸಿದರು.

ಹೊರಗೆ ಪೀರಮ್ಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. "ಏನಿಲ್ಲಂತ," ಎಂದ. "ಕೂದಲಿತ್ತಂತ. ತಗದ್ರು."

ಅವಳು ಅವನ ಮುಖವನ್ನೇ ನೋಡಿದಳು, ಬಿಕ್ಕಳಿಕೆ ಬರುತ್ತದೇನೋ ಎಂದು ಕಾದಳು. ಆಮೇಲೆ ಸೆರಗು ಬಾಯಿಗೊತ್ತಿಕೊಂಡು ಜೋರಾಗಿ ಅಳತೊಡಗಿದಳು. ದಾರಿಯಲ್ಲಿ ಹೋಗುತ್ತಿದ್ದ ನರ್ಸ್ ನಿಂತು, ಒಳಗೆ ಏನೆಂದರು ಎಂದು ಕೇಳಿದಳು. "ಏನಿಲ್ಲಂತ್ರಿ," ಎಂದು ಪೀರಮ್ಮ ಇನ್ನಷ್ಟು ಅತ್ತಳು.

ಗಾದಿಲಿಂಗನಿಗೆ ಗಾಬರಿಯಾಯಿತು. ಬಿಕ್ಕಳಿಕೆಗೆ ಊರಲ್ಲಿ ಮನೆಗೊಂದು ಮದ್ದು ಗೊತ್ತಿತ್ತು, ಇದಕ್ಕೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಬಳಗಾನೂರು ಬಸ್ಸಿನ ಹೊತ್ತಾಗಿತ್ತು. ಅದನ್ನು ಹೇಳಲು ಬಾಯಿ ತೆರೆದವನು ಅವಳ ಪಕ್ಕಕ್ಕೆ ಕೂತು ಚೀಲವನ್ನು ತನ್ನ ತೊಡೆಗೆ ಎಳೆದುಕೊಂಡ.

"ಅಳು," ಎಂದ. "ಮುಂದಿನ ಬಸ್ಸಿಗೆ ಹೋಗೂಣು."